ಮೂರು ಬಿಲ್ಲು, ಒಂದು ಪೇಮೆಂಟ್ ಅಡ್ವೈಸ್, 51,705 ರೂಪಾಯಿಯ ವ್ಯತ್ಯಾಸ

ಹಾಸನದ ಬಿ.ಎಂ. ರಸ್ತೆಯಿಂದ ಸ್ವಲ್ಪ ಒಳಗೆ ನನ್ನದೊಂದು ಸಣ್ಣ ಹೊಲಿಗೆ ಘಟಕವಿದೆ. ಹದಿನೆಂಟು ಯಂತ್ರಗಳು, ಹದಿನಾರು ಜನ ಹೆಣ್ಣುಮಕ್ಕಳು. ಬೆಂಗಳೂರಿನ ಒಂದು ಉಡುಪು ರಫ್ತು ಕಂಪನಿ ಕತ್ತರಿಸಿದ ಬಟ್ಟೆಯನ್ನು ಕಳುಹಿಸುತ್ತದೆ, ನಾವು ಅದನ್ನು ಕಾಲರ್ ಇರುವ ಟೀ ಶರ್ಟ್ ಆಗಿ ಹೊಲಿದು, ದಾರ ಕತ್ತರಿಸಿ, ಇಸ್ತ್ರಿ ಮಾಡಿ ವಾಪಸ್ ಕಳುಹಿಸುತ್ತೇವೆ. ಬಟ್ಟೆ ಅವರದು, ಕೂಲಿ ನಮ್ಮದು. ಕಳೆದ ಸೆಪ್ಟೆಂಬರ್ ಕೊನೆಯಲ್ಲಿ ಆ ಕಂಪನಿಯಿಂದ ಬಂದ ಒಂದು ಪೇಮೆಂಟ್ ಅಡ್ವೈಸ್, ಅಂದರೆ ಯಾವ ಬಿಲ್ಲಿಗೆ ಎಷ್ಟು ಕೊಟ್ಟರು, ಎಷ್ಟು ಹಿಡಿದರು ಎಂದು ತಿಳಿಸುವ ಪತ್ರವನ್ನು ಓದಿ, ಅದರಲ್ಲಿನ ಪ್ರತಿಯೊಂದು ಕಡಿತಕ್ಕೂ ಕಾರಣ ಹುಡುಕಿ, ಬರಬೇಕಾದದ್ದನ್ನು ವಾಪಸ್ ಪಡೆಯಲು ನನಗೆ ಎಂಟು ವಾರ ಹಿಡಿಯಿತು. ಇದೇ ರೀತಿ ಜಾಬ್ ವರ್ಕ್ ಮಾಡುವ ಇತರರಿಗೆ ಅಷ್ಟು ದಿನ ಬೇಕಾಗಬಾರದು ಎಂದು, ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

2024ರ ಜುಲೈ 9ರಂದು 4,000 ಪೀಸ್, ಜುಲೈ 24ರಂದು 3,600 ಪೀಸ್, ಆಗಸ್ಟ್ 12ರಂದು 2,400 ಪೀಸ್ ಕಳುಹಿಸಿ ಮೂರು ಬಿಲ್ ಮಾಡಿದ್ದೆವು. ಪೀಸಿಗೆ 45 ರೂಪಾಯಿ ಕೂಲಿ. ಬಟ್ಟೆಯ ಜಾಬ್ ವರ್ಕಿಗೆ ಜಿಎಸ್‌ಟಿ ಶೇಕಡಾ 5. ಹಾಗಾಗಿ ಮೂರೂ ಬಿಲ್ ಸೇರಿ ಕೂಲಿ 4,50,000 ರೂಪಾಯಿ, ಜಿಎಸ್‌ಟಿ 22,500 ರೂಪಾಯಿ, ಒಟ್ಟು 4,72,500 ರೂಪಾಯಿ. ಟಿಡಿಎಸ್ ಎಂದು 4,500 ರೂಪಾಯಿ ಹಿಡಿಯುತ್ತಾರೆ, ಉಳಿದ 4,68,000 ಬರುತ್ತದೆ ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ನಲವತ್ತೈದು ದಿನಗಳ ವಾಯಿದೆ ಎಂದು ಆರ್ಡರಿನಲ್ಲಿ ಬರೆದಿತ್ತು. ಮೊದಲನೆಯ ಬಿಲ್ಲಿನ ವಾಯಿದೆ ಆಗಸ್ಟ್‌ನಲ್ಲೇ ಮುಗಿಯಿತು. ಗೌರಿ ಹಬ್ಬ ಬಂದು ಹೋಯಿತು, ಹಣ ಬರಲಿಲ್ಲ.

ಸೆಪ್ಟೆಂಬರ್ 27, ಶುಕ್ರವಾರ ಸಂಜೆ ಬ್ಯಾಂಕಿನ ಸಂದೇಶ ಬಂತು. ಖಾತೆಗೆ ಜಮೆಯಾದದ್ದು 4,16,295 ರೂಪಾಯಿ. ನಾನು ಆ ಸಂಖ್ಯೆಯನ್ನು ಮೂರು ಬಾರಿ ನೋಡಿದೆ. ನಿರೀಕ್ಷಿಸಿದ್ದಕ್ಕಿಂತ 51,705 ರೂಪಾಯಿ ಕಡಿಮೆ. ಹದಿನೈದು ದಿನಗಳಲ್ಲಿ ಆಯುಧಪೂಜೆ. ಅಂದು ಯಂತ್ರಗಳಿಗೆ ಪೂಜೆ ಮಾಡಿ, ಎಲ್ಲರ ಕೈಗೆ ಬೋನಸ್ ಕೊಡುವುದು ನಮ್ಮಲ್ಲಿ ಮೊದಲಿನಿಂದ ನಡೆದು ಬಂದ ಪದ್ಧತಿ. ಕಡಿಮೆ ಬಿದ್ದ ಹಣ ಹೆಚ್ಚು ಕಡಿಮೆ ಆ ಬೋನಸ್ಸಿನ ಹಣವೇ ಆಗಿತ್ತು. ಯಾವ ಬಿಲ್ಲಿಗೆ ಎಷ್ಟು ಬಂದಿದೆ, ಏಕೆ ಹಿಡಿದಿದ್ದಾರೆ ಎನ್ನುವುದಕ್ಕೆ ಒಂದು ಕಾಗದವೂ ಇಲ್ಲದೆ ಬರೀ ಒಂದು ಮೊತ್ತ ಮಾತ್ರ ಬಂದಾಗ ಆಗುವ ತಳಮಳವನ್ನು ಅನುಭವಿಸಿದವರಿಗೆ ವಿವರಿಸಬೇಕಿಲ್ಲ.

ಮರುದಿನ ಕಂಪನಿಯ ಅಕೌಂಟ್ಸ್ ವಿಭಾಗಕ್ಕೆ ಫೋನ್ ಮಾಡಿದೆ. "ಮೇಡಂ, ಅಡ್ವೈಸ್ ನಿಮ್ಮ ಮೇಲ್‌ಗೆ ಆವತ್ತೇ ಹೋಗಿದೆ, ಅದು ತಾನಾಗಿಯೇ ಹೋಗುತ್ತೆ" ಎಂದರು. ಯಾವ ಮೇಲ್ ಎಂದು ಕೇಳಿದರೆ, ನಮ್ಮಲ್ಲಿ ಲೆಕ್ಕ ಬರೆಯುತ್ತಿದ್ದು ಎರಡು ವರ್ಷದ ಹಿಂದೆ ಕೆಲಸ ಬಿಟ್ಟ ಹುಡುಗನ ವಿಳಾಸ ಹೇಳಿದರು. ಆರ್ಡರ್‌ಗಳೆಲ್ಲ ನನ್ನ ಮೇಲ್‌ಗೇ ಬರುತ್ತಿದ್ದುದರಿಂದ, ಹಣದ ವಿಷಯಕ್ಕೆ ಮಾತ್ರ ಅವರಲ್ಲಿ ಬೇರೆ ವಿಳಾಸ ದಾಖಲಾಗಿದೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಅದನ್ನು ಬದಲಿಸಲು ಲೆಟರ್‌ಹೆಡ್ಡಿನಲ್ಲಿ ಸಹಿ ಮತ್ತು ಮೊಹರಿನೊಂದಿಗೆ ಮನವಿ, ಕ್ಯಾನ್ಸಲ್ ಮಾಡಿದ ಒಂದು ಚೆಕ್, ಪ್ಯಾನ್ ಕಾರ್ಡಿನ ಪ್ರತಿ, ಉದ್ಯಮ್ ನೋಂದಣಿ ಪತ್ರ ಇಷ್ಟನ್ನು ಕೇಳಿದರು. ಕಳುಹಿಸಿದೆ. ಅಕ್ಟೋಬರ್ 3ರಂದು ಅಡ್ವೈಸ್ ನನ್ನ ಕೈ ಸೇರಿತು. ನಿಮ್ಮ ಖರೀದಿದಾರರ ದಾಖಲೆಯಲ್ಲಿ ಹಣಕಾಸಿನ ಪತ್ರಗಳಿಗೆ ಯಾವ ಮೇಲ್ ಇದೆ ಎಂದು ಇವತ್ತೇ ಕೇಳಿ ನೋಡುವುದು ಒಳ್ಳೆಯದು. ಆ ಒಂದು ಪ್ರಶ್ನೆಯನ್ನು ನಾನು ಮೊದಲೇ ಕೇಳಿದ್ದರೆ ಆರು ದಿನ ಉಳಿಯುತ್ತಿತ್ತು.

ಅಡ್ವೈಸ್ ಎಂದರೆ ಒಂದೇ ಪುಟ. ಮೇಲೆ ನಮ್ಮ ವೆಂಡರ್ ಕೋಡ್, ಪಾವತಿಯ ದಿನಾಂಕ, ಆ ಪಾವತಿಯನ್ನು ಗುರುತಿಸುವ ಬ್ಯಾಂಕಿನ ಯುಟಿಆರ್ ಸಂಖ್ಯೆ. ಅದರ ಕೆಳಗೆ ಒಂದು ಪಟ್ಟಿ: ಅವರ ದಾಖಲೆ ಸಂಖ್ಯೆ, ನಮ್ಮ ಬಿಲ್ ಸಂಖ್ಯೆ, ಬಿಲ್ಲಿನ ದಿನಾಂಕ, ಪೂರ್ತಿ ಮೊತ್ತ, ಟಿಡಿಎಸ್, ಇತರ ಕಡಿತ, ಕೊಟ್ಟ ಮೊತ್ತ. ಮೂರು ಬಿಲ್ಲುಗಳಿಗೆ ಮೂರು ಸಾಲು, ಆಮೇಲೆ ನಾಲ್ಕನೆಯದಾಗಿ ಒಂದು ಸಾಲು. ಅದರಲ್ಲಿ ದಾಖಲೆಯ ಬಗೆ ಎಂಬಲ್ಲಿ KG ಎಂದಿತ್ತು ಮತ್ತು 24,255ರ ಮುಂದೆ ಒಂದು ಮೈನಸ್ ಗುರುತು ಇತ್ತು. ನಮ್ಮ ಬಿಲ್ ಸಂಖ್ಯೆಯ ಜಾಗದಲ್ಲಿ ನನಗೆ ಪರಿಚಯವೇ ಇಲ್ಲದ ಒಂದು ಸಂಖ್ಯೆ.

ನಮ್ಮ ಜಿಎಸ್‌ಟಿ ಕೆಲಸ ನೋಡಿಕೊಳ್ಳುವ ರಾಯರ ಬಳಿ ಆ ಪುಟವನ್ನು ತೆಗೆದುಕೊಂಡು ಹೋದೆ. ಅವರು ಮೊದಲು ಮಾಡಿದ್ದು ಯುಟಿಆರ್ ಸಂಖ್ಯೆಯನ್ನು ಬ್ಯಾಂಕಿನ ಸ್ಟೇಟ್‌ಮೆಂಟಿನ ಜೊತೆ ತಾಳೆ ನೋಡಿದ್ದು. ಎರಡನೆಯದಾಗಿ ಕೊನೆಯ ಕಾಲಂ ಕೂಡಿಸಿ 4,16,295 ಬರುತ್ತದೆಯೇ ಎಂದು ನೋಡಿದ್ದು. ಬಂತು. "ಇವೆರಡು ಸರಿ ಇದ್ದರೆ ಹಣ ಎಲ್ಲೂ ದಾರಿಯಲ್ಲಿ ಕಳೆದಿಲ್ಲ ಎಂದರ್ಥ ತಾಯಿ. ಎಲ್ಲ ಇದೇ ಹಾಳೆಯ ಮೇಲೆ ಇದೆ, ಒಂದೊಂದಾಗಿ ನೋಡೋಣ" ಎಂದರು. ಎಲ್ಲ ಕಡಿತಗಳನ್ನೂ ಒಂದೇ ರೀತಿಯ ನಷ್ಟ ಎಂದು ಭಾವಿಸಿ ಬಂದಿದ್ದ ನನಗೆ, ಅವು ಮೂರು ಬೇರೆ ಬೇರೆ ಸ್ವಭಾವದವು ಎಂದು ಅಲ್ಲಿ ಕುಳಿತಾಗಲೇ ತಿಳಿದದ್ದು. ಒಂದು, ನನ್ನ ಹೆಸರಿನಲ್ಲಿ ಸರ್ಕಾರಕ್ಕೆ ಹೋದ ಹಣ. ಇನ್ನೊಂದು, ನಾನು ಒಂದು ಕೆಲಸ ಮಾಡುವ ತನಕ ಅವರು ತಡೆದಿಟ್ಟುಕೊಂಡ ಹಣ. ಮೂರನೆಯದು, ಅವರು ಇನ್ನು ಕೊಡುವುದೇ ಇಲ್ಲ ಎಂದು ತೀರ್ಮಾನಿಸಿದ ಹಣ. ಈ ಮೂರಕ್ಕೂ ಹೋಗಬೇಕಾದ ದಾರಿಗಳು ಬೇರೆ.

ಟಿಡಿಎಸ್ ಕಾಲಮ್ಮಿನಲ್ಲಿ ಮೊದಲ ಬಿಲ್ಲಿನ ಎದುರು 3,780 ರೂಪಾಯಿ ಇತ್ತು. ಆ ಬಿಲ್ಲಿನ ಕೂಲಿ 1,80,000, ಜಿಎಸ್‌ಟಿ 9,000. ರಾಯರು ಕ್ಯಾಲ್ಕುಲೇಟರ್ ತೆಗೆದು 3,780ನ್ನು 1,80,000ದಿಂದ ಭಾಗಿಸಿದರು, ಶೇಕಡಾ 2.1 ಬಂತು. ಇಂಥ ದರ ಯಾವ ಕಾನೂನಿನಲ್ಲೂ ಇಲ್ಲ ಎಂದು ಹೇಳಿ, ಅದೇ 3,780ನ್ನು ಜಿಎಸ್‌ಟಿ ಸೇರಿದ 1,89,000ದಿಂದ ಭಾಗಿಸಿದರು. ಸರಿಯಾಗಿ ಶೇಕಡಾ 2 ಬಂತು. ಆ ಒಂದು ಭಾಗಾಕಾರದಲ್ಲಿ ಎರಡು ತಪ್ಪುಗಳು ಒಟ್ಟಿಗೆ ಸಿಕ್ಕಿದವು. ಬಿಲ್ಲಿನಲ್ಲಿ ಜಿಎಸ್‌ಟಿಯನ್ನು ಪ್ರತ್ಯೇಕವಾಗಿ ತೋರಿಸಿದ್ದರೆ ಟಿಡಿಎಸ್ ಅನ್ನು ಜಿಎಸ್‌ಟಿ ಬಿಟ್ಟು ಉಳಿದ ಮೊತ್ತದ ಮೇಲೆ ಮಾತ್ರ ಹಿಡಿಯಬೇಕು ಎಂದು ನೇರ ತೆರಿಗೆ ಮಂಡಳಿಯು 2017ರ ಜುಲೈನಲ್ಲಿ ಹೊರಡಿಸಿದ 23ನೇ ಸುತ್ತೋಲೆಯಲ್ಲಿ ಸ್ಪಷ್ಟವಾಗಿದೆ. ಆಗ ಜಾಬ್ ವರ್ಕಿಗೆ ಅನ್ವಯಿಸುತ್ತಿದ್ದ 194ಸಿ ಸೆಕ್ಷನ್ನಿನಲ್ಲಿ ಕೆಲಸ ಮಾಡಿಕೊಡುವವರು ವ್ಯಕ್ತಿಯಾಗಿದ್ದರೆ ದರ ಶೇಕಡಾ 1, ಪಾಲುದಾರಿಕೆ ಸಂಸ್ಥೆಯೋ ಕಂಪನಿಯೋ ಆಗಿದ್ದರೆ ಶೇಕಡಾ 2.

ನನ್ನದು ಒಬ್ಬಳದೇ ಮಾಲೀಕತ್ವ. ಘಟಕದ ಹೆಸರಿನ ಕೊನೆಯಲ್ಲಿ ಗಾರ್ಮೆಂಟ್ಸ್ ಎಂದು ಇರುವುದನ್ನು ನೋಡಿ ಅವರಲ್ಲಿ ಯಾರೋ ಅದನ್ನು ಪಾಲುದಾರಿಕೆ ಸಂಸ್ಥೆ ಎಂದು ದಾಖಲಿಸಿದ್ದರು. ಪ್ಯಾನ್ ಸಂಖ್ಯೆಯನ್ನು ನೋಡಿದ್ದರೆ ಸಾಕಿತ್ತು: ಅದರ ನಾಲ್ಕನೆಯ ಅಕ್ಷರ P ಆಗಿದ್ದರೆ ವ್ಯಕ್ತಿ, F ಆಗಿದ್ದರೆ ಪಾಲುದಾರಿಕೆ ಸಂಸ್ಥೆ, C ಆಗಿದ್ದರೆ ಕಂಪನಿ. ನನ್ನದರಲ್ಲಿ P ಇದೆ. 4,500 ಹಿಡಿಯಬೇಕಾದಲ್ಲಿ ಮೂರು ಬಿಲ್ಲಿನಿಂದ 9,450 ಹಿಡಿದಿದ್ದರು. ಹೆಚ್ಚಾದದ್ದು 4,950 ರೂಪಾಯಿ.

ಪ್ಯಾನ್ ಪ್ರತಿ ಮತ್ತು ಸುತ್ತೋಲೆಯ ಪ್ರತಿ ಲಗತ್ತಿಸಿ ಕಂಪನಿಗೆ ಬರೆದೆ. ಮುಂದಿನ ಬಿಲ್ಲುಗಳಿಗೆ ಸರಿಪಡಿಸುತ್ತೇವೆ, ಆದರೆ ಈ ಮೂರು ಬಿಲ್ಲುಗಳ ಟಿಡಿಎಸ್ ಸರ್ಕಾರಕ್ಕೆ ಕಟ್ಟಿ ಆಗಿದೆ ಎಂಬ ಉತ್ತರ ಬಂತು. ಹಣವನ್ನೇ ಸೆಪ್ಟೆಂಬರ್ ಕೊನೆಗೆ ಕೊಟ್ಟವರು ಟಿಡಿಎಸ್ ಅನ್ನು ಅದಕ್ಕೂ ಮೊದಲೇ ಕಟ್ಟಿದ್ದು ಹೇಗೆ ಎಂದು ನನಗೆ ಅನುಮಾನ ಬಂತು. ಆದರೆ ನಿಯಮವೇ ಹಾಗಿದೆ: ಬಿಲ್ಲನ್ನು ಅವರು ತಮ್ಮ ಲೆಕ್ಕಕ್ಕೆ ತೆಗೆದುಕೊಂಡ ದಿನ ಅಥವಾ ಹಣ ಕೊಟ್ಟ ದಿನ, ಇವೆರಡರಲ್ಲಿ ಯಾವುದು ಮೊದಲೋ ಅಂದು ಟಿಡಿಎಸ್ ಹಿಡಿದು, ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕಟ್ಟಬೇಕು. ಜುಲೈ ಬಿಲ್ಲುಗಳದ್ದು ಆಗಸ್ಟ್ 7ಕ್ಕೆ, ಆಗಸ್ಟ್ ಬಿಲ್ಲಿನದ್ದು ಸೆಪ್ಟೆಂಬರ್ 7ಕ್ಕೆ ಹೋಗಿತ್ತು. ಆ ಹಣ ಈಗ ನನ್ನ ಪ್ಯಾನ್ ಹೆಸರಿನಲ್ಲಿ ಇದೆ. ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ಪಡೆದುಕೊಳ್ಳಬಹುದು, ಕಳೆದುಹೋಗುವುದಿಲ್ಲ. ಆದರೆ ಅಲ್ಲಿಯವರೆಗೆ ಕೈಗೆ ಸಿಗುವುದಿಲ್ಲ. ಹೊಸ ಖರೀದಿದಾರರ ಮೊದಲ ಅಡ್ವೈಸ್ ಬಂದ ದಿನವೇ ಈ ಭಾಗಾಕಾರವನ್ನು ಮಾಡಿ ನೋಡುವುದು ಆದ್ದರಿಂದಲೇ ಅಗತ್ಯ.

ಎರಡನೆಯ ಕಡಿತ 22,500 ರೂಪಾಯಿ. ಇದು ಮೂರೂ ಬಿಲ್ಲುಗಳ ಜಿಎಸ್‌ಟಿಯ ಪೂರ್ತಿ ಮೊತ್ತ. ಎದುರಿಗೆ "2B HOLD" ಎಂದು ಬರೆದಿತ್ತು. ಇದನ್ನು ನೋಡಿ ನನಗೆ ಬಂದ ಕೋಪ ಸ್ವಲ್ಪದ್ದಲ್ಲ. ಜುಲೈ ಮತ್ತು ಆಗಸ್ಟ್‌ಗೆ ಕಟ್ಟಬೇಕಾದ ತೆರಿಗೆಯನ್ನು ನಾನು ಆಯಾ ಮುಂದಿನ ತಿಂಗಳ 25ರೊಳಗೆ ಚಲನ್ ಮೂಲಕ ಕಟ್ಟಿದ್ದೆ, ರಸೀದಿಗಳೂ ನನ್ನ ಬಳಿ ಇದ್ದವು. ಕಟ್ಟಿದ ತೆರಿಗೆಯನ್ನು ಕಟ್ಟಿಲ್ಲ ಎನ್ನುತ್ತಿದ್ದಾರೆ ಎಂದು ನಾನು ತಿಳಿದೆ. ರಾಯರು ಬಿಡಿಸಿ ಹೇಳಿದಾಗ ವಿಷಯ ಬೇರೆಯೇ ಇತ್ತು.

ನಮ್ಮಂತೆ ವರ್ಷಕ್ಕೆ ಐದು ಕೋಟಿಯವರೆಗೆ ವಹಿವಾಟು ಇರುವವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಕ್ರಮವನ್ನು ಆಯ್ದುಕೊಳ್ಳಬಹುದು. ತೆರಿಗೆಯನ್ನು ತಿಂಗಳು ತಿಂಗಳು ಚಲನ್‌ನಲ್ಲಿ ಕಟ್ಟುತ್ತೇವೆ, ಆದರೆ ಯಾರಿಗೆ ಯಾವ ಬಿಲ್ ಕೊಟ್ಟಿದ್ದೇವೆ ಎಂಬ ವಿವರ ಜಿಎಸ್‌ಟಿಆರ್-1ರಲ್ಲಿ ಹೋಗುವುದು ತ್ರೈಮಾಸಿಕ ಮುಗಿದ ಮೇಲೆ, 13ನೇ ತಾರೀಖಿನೊಳಗೆ. ಖರೀದಿದಾರರಿಗೆ ನಮ್ಮ ಚಲನ್ ಕಾಣುವುದಿಲ್ಲ. ಅವರಿಗೆ ಕಾಣುವುದು ಪ್ರತಿ ತಿಂಗಳು 14ರಂದು ತಯಾರಾಗುವ ಜಿಎಸ್‌ಟಿಆರ್-2ಬಿ ಪಟ್ಟಿ ಮಾತ್ರ. ಆ ಪಟ್ಟಿಯಲ್ಲಿ ನಮ್ಮ ಬಿಲ್ ಇಲ್ಲದಿದ್ದರೆ, ನಮಗೆ ಕೊಟ್ಟ ಜಿಎಸ್‌ಟಿಯನ್ನು ಅವರು ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳಲು 2022ರ ಜನವರಿ 1ರಿಂದ ಕಾನೂನು ಒಪ್ಪುವುದಿಲ್ಲ. ಜುಲೈ ಬಿಲ್ಲಿನ ವಿವರವನ್ನು ನಾನು ಅಕ್ಟೋಬರ್‌ನಲ್ಲಿ ಕೊಡುವವಳಿದ್ದೆ. ಅಲ್ಲಿಯವರೆಗೆ ಅವರ ಪಟ್ಟಿಯಲ್ಲಿ ಅದು ಖಾಲಿ.

ಇದಕ್ಕೆ ಪರಿಹಾರ ಜಿಎಸ್‌ಟಿ ಪೋರ್ಟಲ್‌ನಲ್ಲೇ ಇದೆ ಎಂಬುದು ನನಗೆ ಗೊತ್ತಿರಲಿಲ್ಲ. ಐಎಫ್‌ಎಫ್ ಎಂಬ ಸೌಲಭ್ಯದಲ್ಲಿ, ತ್ರೈಮಾಸಿಕದ ಮೊದಲ ಎರಡು ತಿಂಗಳು ಜಿಎಸ್‌ಟಿ ನೋಂದಣಿ ಇರುವ ಖರೀದಿದಾರರಿಗೆ ಕೊಟ್ಟ ಬಿಲ್ಲುಗಳನ್ನು ಮಾತ್ರ ಮುಂದಿನ ತಿಂಗಳ 13ರೊಳಗೆ ಹಾಕಬಹುದು; ತಿಂಗಳಿಗೆ 50 ಲಕ್ಷದ ಮಿತಿ ಇದೆ, ನಮಗೆ ಅದು ಬೇಕಾದಷ್ಟಾಯಿತು. ಹಾಕಿದರೆ ಮರುದಿನದ 2ಬಿ ಪಟ್ಟಿಯಲ್ಲಿ ಬಿಲ್ ಕಾಣುತ್ತದೆ. ಇದು ಕಡ್ಡಾಯವಲ್ಲ, ಆದ್ದರಿಂದಲೇ ರಾಯರು ಮಾಡಿರಲಿಲ್ಲ. "ನಿಮ್ಮ ಆರ್ಡರ್‌ನಲ್ಲಿ ಇಂಥ ಷರತ್ತು ಇದೆ ಎಂದು ನೀವು ನನಗೆ ಹೇಳಲೇ ಇಲ್ಲವಲ್ಲ" ಎಂದರು. ಅದೂ ನಿಜವಾಗಿತ್ತು. ಆರ್ಡರಿನ ಎರಡನೆಯ ಪುಟದಲ್ಲಿ, 2ಬಿಯಲ್ಲಿ ಕಾಣಿಸಿಕೊಂಡ ನಂತರವಷ್ಟೇ ತೆರಿಗೆಯ ಭಾಗವನ್ನು ಬಿಡುಗಡೆ ಮಾಡಲಾಗುವುದು ಎಂಬ ಸಾಲು ಇತ್ತು. ನಾನು ದರ ಮತ್ತು ತಾರೀಖು ನೋಡಿ ಸಹಿ ಹಾಕಿದ್ದೆ.

ಜುಲೈ, ಆಗಸ್ಟ್ ತಿಂಗಳ ಐಎಫ್‌ಎಫ್ ಅವಧಿ ಮುಗಿದುಹೋಗಿತ್ತು, ಹಿಂದಿನದನ್ನು ಈಗ ಅದರಲ್ಲಿ ಹಾಕಲು ಬರುವುದಿಲ್ಲ. ಉಳಿದದ್ದು ತ್ರೈಮಾಸಿಕದ ಜಿಎಸ್‌ಟಿಆರ್-1 ಒಂದೇ. ಅದನ್ನು ಅಕ್ಟೋಬರ್ 7ರಂದೇ ಸಲ್ಲಿಸಿದೆವು. ಬೇಗ ಸಲ್ಲಿಸಿದರೂ 2ಬಿ ಪಟ್ಟಿಗಾಗಿ 14ರವರೆಗೆ ಕಾಯಲೇಬೇಕು. ಸಲ್ಲಿಸುವ ಮೊದಲು ಖರೀದಿದಾರರ ಜಿಎಸ್‌ಟಿ ನೋಂದಣಿ ಸಂಖ್ಯೆಯಾದ ಜಿಎಸ್‌ಟಿಐಎನ್ ಅನ್ನು ಒಂದೊಂದು ಅಕ್ಷರವಾಗಿ ಓದಿ ನೋಡಿದೆವು. ಅಲ್ಲಿ ಬೇರೆಯವರ ಸಂಖ್ಯೆ ಬಿದ್ದರೆ ಬಿಲ್ ಅವರ ಪಟ್ಟಿಗೆ ಹೋಗುತ್ತದೆ ಮತ್ತು ಮತ್ತೆ ಇದೇ ತಡೆ ಬೀಳುತ್ತದೆ. ಬಿಲ್ ಸಂಖ್ಯೆಯನ್ನೂ ಬಿಲ್ಲಿನಲ್ಲಿ ಇರುವಂತೆಯೇ, ಅಡ್ಡಗೆರೆ ಸಹಿತ ಹಾಕಬೇಕು, ಏಕೆಂದರೆ ಅವರ ಕಡೆ ತಾಳೆ ನೋಡುವುದು ಕಂಪ್ಯೂಟರ್.

ಈ ನಡುವೆ ಆಯುಧಪೂಜೆ ಬಂತು. ಬೋನಸ್ ಮುಂದೂಡಲು ನನಗೆ ಮನಸ್ಸು ಬರಲಿಲ್ಲ. ಬಳೆ ಅಡವಿಟ್ಟು ಸೊಸೈಟಿಯಲ್ಲಿ 40,000 ರೂಪಾಯಿ ಸಾಲ ತೆಗೆದೆ. ಬಿಡಿಸಿಕೊಳ್ಳುವ ಹೊತ್ತಿಗೆ ಬಡ್ಡಿ 600 ರೂಪಾಯಿ ಆಗಿತ್ತು.

ಮೂರನೆಯದು ಆ ಮೈನಸ್ ಗುರುತಿನ ಸಾಲು. ಅದು ನಮ್ಮ ಮೇಲೆ ಅವರು ಸೆಪ್ಟೆಂಬರ್ 2ರಂದು ಹಾಕಿದ ಡೆಬಿಟ್ ನೋಟ್, ಅಂದರೆ ನಮಗೆ ಕೊಡಬೇಕಾದ ಹಣದಲ್ಲಿ ಇಷ್ಟನ್ನು ಹಿಡಿಯುತ್ತೇವೆ ಎಂಬ ಪತ್ರ. ಅದರ ಪ್ರತಿ ನಮಗೆ ಬಂದೇ ಇರಲಿಲ್ಲ. ಕೇಳಿ ತರಿಸಿಕೊಳ್ಳಲು ಎರಡು ಮೇಲ್ ಮತ್ತು ಮೂರು ಫೋನ್ ಬೇಕಾಯಿತು. ಎರಡನೆಯ ಬಿಲ್ಲಿನ ಮಾಲಿನಲ್ಲಿ 140 ಪೀಸ್ ರಿಜೆಕ್ಟ್ ಆಗಿದೆ ಎಂದು ಅದರಲ್ಲಿ ಇತ್ತು. ಪೀಸಿಗೆ ಹೊಲಿಗೆ ಕೂಲಿ 45, ಬಟ್ಟೆಯ ಬೆಲೆ 120, ಒಟ್ಟು 23,100 ರೂಪಾಯಿ; ಅದರ ಮೇಲೆ ಶೇಕಡಾ 5 ಜಿಎಸ್‌ಟಿ 1,155; ಒಟ್ಟು 24,255. ಕಾರಣ ಎಂಬ ಜಾಗದಲ್ಲಿ "ತೂತು ಮತ್ತು ಹೊಲಿಗೆ ದೋಷ" ಎಂದು ಒಂದೇ ಸಾಲು. ಎಷ್ಟು ತೂತು, ಎಷ್ಟು ಹೊಲಿಗೆ ದೋಷ ಎಂಬ ವಿಂಗಡಣೆ ಇರಲಿಲ್ಲ.

ಫೋನಿನಲ್ಲಿ ಇದು ಬಗೆಹರಿಯುವುದಿಲ್ಲ ಎಂದು ಖಚಿತವಾಯಿತು. ಆ ಪೀಸ್‌ಗಳನ್ನು ಮಾರಬೇಡಿ, ಹರಿಯಬೇಡಿ, ನಾನು ಬಂದು ನೋಡುತ್ತೇನೆ ಎಂದು ಮೇಲ್ ಹಾಕಿ, ಅಕ್ಟೋಬರ್ 16ರ ಬೆಳಗಿನ ಬಸ್ಸಿಗೆ ನಮ್ಮಲ್ಲಿ ಚೆಕಿಂಗ್ ಮಾಡುವ ಹಿರಿಯ ಹೆಣ್ಣುಮಗಳನ್ನು ಕರೆದುಕೊಂಡು ಬೆಂಗಳೂರಿಗೆ ಹೋದೆ. ಇಬ್ಬರ ಬಸ್ಸು, ಆಟೋ, ಊಟ ಸೇರಿ 1,100 ರೂಪಾಯಿ ಖರ್ಚಾಯಿತು. ಗೇಟಿನಲ್ಲಿ ಒಂದೂವರೆ ಗಂಟೆ ಕಾದ ಮೇಲೆ ಅವರ ಕ್ವಾಲಿಟಿ ವಿಭಾಗದ ಉಸ್ತುವಾರಿ ನಮ್ಮನ್ನು ಗೋದಾಮಿಗೆ ಕರೆದೊಯ್ದರು. ಎರಡು ಗೋಣಿಚೀಲಗಳಲ್ಲಿ 140 ಪೀಸ್ ಇದ್ದವು. ಮೇಜಿನ ಮೇಲೆ ಟ್ಯೂಬ್ ಲೈಟ್ ಹಾಕಿಸಿ, ಒಂದೊಂದನ್ನೇ ಬಿಡಿಸಿ ನೋಡಿದೆವು.

ಹೆಣೆದ ಬಟ್ಟೆಯಲ್ಲಿ ತೂತು ಎರಡು ರೀತಿಯಲ್ಲಿ ಬರುತ್ತದೆ. ಸೂಜಿಯ ತುದಿ ಮೊಂಡಾಗಿದ್ದರೆ ಅದು ಎಳೆಗಳ ನಡುವೆ ನುಸುಳದೆ ಎಳೆಯನ್ನೇ ಕತ್ತರಿಸುತ್ತದೆ. ಆಗ ತೂತುಗಳು ಹೊಲಿಗೆಯ ಗೆರೆಯ ಮೇಲೆ, ಸಾಲಾಗಿ, ಸಣ್ಣದಾಗಿ ಬರುತ್ತವೆ ಮತ್ತು ಬಟ್ಟೆಯನ್ನು ಅಡ್ಡಕ್ಕೆ ಎಳೆದಾಗ ದೊಡ್ಡದಾಗುತ್ತವೆ. ಇದು ಹೊಲಿಯುವವರ ತಪ್ಪು, ಸೂಜಿಯನ್ನು ಸಮಯಕ್ಕೆ ಬದಲಿಸಬೇಕಿತ್ತು. ಹೆಣಿಗೆ ಯಂತ್ರದಲ್ಲೇ ಎಳೆ ತುಂಡಾಗಿ ಆದ ತೂತು ಹೊಲಿಗೆಗೆ ಸಂಬಂಧವೇ ಇಲ್ಲದ ಕಡೆ, ಎದೆಯ ಮಧ್ಯದಲ್ಲೋ ಬೆನ್ನಿನಲ್ಲೋ ಒಂಟಿಯಾಗಿ ಇರುತ್ತದೆ. ಅಲ್ಲಿ ಸೂಜಿ ಹೋಗುವುದೇ ಇಲ್ಲ. ನನ್ನ ಜೊತೆ ಬಂದಿದ್ದ ಅಕ್ಕ ಒಂದು ಪೀಸಿನ ಬೆನ್ನಿನ ತೂತಿನಲ್ಲಿ ಬೆರಳಿಟ್ಟು, ಅಲ್ಲಿಂದ ಹತ್ತಿರದ ಹೊಲಿಗೆಯವರೆಗೆ ಗೇಣಿನಲ್ಲಿ ಅಳೆದು, "ಇಲ್ಲಿಗೆ ನಮ್ಮ ಯಂತ್ರ ಹೇಗೆ ಬರುತ್ತೆ ನೀವೇ ಹೇಳಿ ಸರ್" ಎಂದು ಕೇಳಿದಾಗ ಆ ಉಸ್ತುವಾರಿ ವಾದಿಸಲಿಲ್ಲ. ಮೂರು ಗಂಟೆಯ ನಂತರ ಲೆಕ್ಕ ನಿಂತದ್ದು ಹೀಗೆ: 90 ಪೀಸ್‌ಗಳಲ್ಲಿ ಹೆಣಿಗೆಯ ತೂತು, 50 ಪೀಸ್‌ಗಳಲ್ಲಿ ನಮ್ಮದೇ ತಪ್ಪು. ಆ 50ರಲ್ಲಿ ಹೆಚ್ಚಿನವು ಗುಂಡಿ ಪಟ್ಟಿಯ ಹತ್ತಿರ ಬಿಟ್ಟುಹೋದ ಹೊಲಿಗೆ, ಉಳಿದವು ಸೂಜಿಯ ತೂತು. ಅದನ್ನು ನಾನು ಅಲ್ಲಿಯೇ ಒಪ್ಪಿಕೊಂಡೆ. ಪೀಸ್‌ಗಳ ಲೆಕ್ಕವನ್ನು ಒಂದು ಹಾಳೆಯ ಮೇಲೆ ಬರೆದು ಇಬ್ಬರೂ ಸಹಿ ಮಾಡಿ, ಫೋಟೋ ತೆಗೆದುಕೊಂಡೆವು. ಆ ಸಹಿಯ ಹಾಳೆ ಇಲ್ಲದೆ ಅಕೌಂಟ್ಸ್ ವಿಭಾಗ ಒಂದು ರೂಪಾಯಿಯನ್ನೂ ಬದಲಿಸುತ್ತಿರಲಿಲ್ಲ. ಅವರು ನಂಬುವುದು ಕ್ವಾಲಿಟಿಯವರ ಕಾಗದವನ್ನು, ನಮ್ಮ ಮಾತನ್ನಲ್ಲ.

ಇನ್ನು ಜಿಎಸ್‌ಟಿಯ ಪ್ರಶ್ನೆ. ಖರೀದಿದಾರರು ಹಾಕುವ ಡೆಬಿಟ್ ನೋಟ್ ನಮ್ಮ ತೆರಿಗೆಯನ್ನು ಕಡಿಮೆ ಮಾಡುವುದಿಲ್ಲ, ಈ ಮಾತನ್ನು ನಾನು ಈಗಷ್ಟೇ ಕಲಿತೆ. 140 ಪೀಸ್‌ನ ಹಣ ನನಗೆ ಬಾರದಿದ್ದರೂ, ನಾನು ಸುಮ್ಮನಿದ್ದರೆ ಆ ಕೂಲಿಯ ಮೇಲಿನ ತೆರಿಗೆಯನ್ನು ನಾನು ಕಟ್ಟಿದವಳೇ ಆಗಿರುತ್ತೇನೆ. ಕಡಿಮೆಯಾಗಬೇಕಾದರೆ ನಾನೇ ಬಿಲ್ಲಿನ ಮೊತ್ತ ಇಳಿಸುವ ಕ್ರೆಡಿಟ್ ನೋಟ್ ಕೊಟ್ಟು, ಅದನ್ನು ನನ್ನ ಜಿಎಸ್‌ಟಿಆರ್-1ರಲ್ಲಿ ತೋರಿಸಬೇಕು. ಇದಕ್ಕೆ ಕೊನೆಯ ಗಡುವು ಆ ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30. 50 ಪೀಸಿನ ಕೂಲಿ 2,250 ರೂಪಾಯಿ ಮತ್ತು ಅದರ ಜಿಎಸ್‌ಟಿ 112.50ಕ್ಕೆ, ಎರಡನೆಯ ಬಿಲ್ಲಿನ ಸಂಖ್ಯೆ ಮತ್ತು ದಿನಾಂಕ ನಮೂದಿಸಿ ಕ್ರೆಡಿಟ್ ನೋಟ್ ಮಾಡಿದೆವು.

ಬಟ್ಟೆಯ ಬೆಲೆಯ ವಿಷಯ ಬೇರೆ. ಆ ಬಟ್ಟೆಯನ್ನು ನಾನು ಅವರಿಗೆ ಮಾರಿಲ್ಲ, ಅವರು ನನಗೆ ಮಾರಿಲ್ಲ. ಹಾಳು ಮಾಡಿದ್ದಕ್ಕೆ ಕೊಡುವ ಪರಿಹಾರ ಅದು. ಒಪ್ಪಂದ ಮುರಿದದ್ದಕ್ಕೆ ಪಡೆಯುವ ನಷ್ಟ ಪರಿಹಾರವು ಯಾವುದೇ ಸೇವೆಯ ಬೆಲೆಯಲ್ಲ, ಅದಕ್ಕೆ ಜಿಎಸ್‌ಟಿ ಇಲ್ಲ ಎಂಬ ಅರ್ಥದ 2022ರ ಆಗಸ್ಟ್‌ನ 178ನೇ ಸುತ್ತೋಲೆಯನ್ನು ರಾಯರು ತೋರಿಸಿದರು. ಅದನ್ನು ಜೊತೆಗಿಟ್ಟು, ಬಟ್ಟೆಯ 6,000 ರೂಪಾಯಿಯನ್ನು ತೆರಿಗೆ ಇಲ್ಲದೆ ಒಪ್ಪಿಕೊಳ್ಳುತ್ತೇನೆ ಎಂದು ಬರೆದೆ. ಹೀಗೆ ನನ್ನ ಪಾಲಿನ ನಷ್ಟ 8,362.50 ರೂಪಾಯಿ ಎಂದು ನಿಂತು, ಡೆಬಿಟ್ ನೋಟ್‌ನಲ್ಲಿ ಹಿಡಿದ ಉಳಿದ 15,892.50 ರೂಪಾಯಿ ನನಗೆ ವಾಪಸ್ ಬರಬೇಕಾಯಿತು. ಕಂಪನಿಯವರು ಇದಕ್ಕೆ ಒಪ್ಪಿದರು. ಒಪ್ಪಲು ಮೂರು ವಾರ ತೆಗೆದುಕೊಂಡರು. ಮಧ್ಯದಲ್ಲಿ ದೀಪಾವಳಿ, ನಮ್ಮೂರಲ್ಲಿ ಹಾಸನಾಂಬೆಯ ಬಾಗಿಲು ತೆರೆದ ದಿನಗಳು, ಯಾರ ಫೋನೂ ಸಿಗುತ್ತಿರಲಿಲ್ಲ.

ಆ ಕಾಯುವ ದಿನಗಳಲ್ಲಿ ನಾನು ನಮ್ಮ ಲೆಕ್ಕದ ಪುಸ್ತಕವನ್ನು ಸರಿಪಡಿಸಿಕೊಂಡೆ. ಇಷ್ಟು ವರ್ಷ ಬ್ಯಾಂಕಿಗೆ ಬಂದ ಮೊತ್ತವನ್ನೇ ಬರೆದು, ಕಡಿಮೆ ಬಂದದ್ದನ್ನು ಬಾಕಿ ಎಂದು ಬಿಡುತ್ತಿದ್ದೆ. ವರ್ಷದ ಕೊನೆಗೆ ಆ ಬಾಕಿ ಏನೆಂದು ಯಾರಿಗೂ ನೆನಪಿರುತ್ತಿರಲಿಲ್ಲ. ಈ ಸಲ ಅಡ್ವೈಸ್ ನೋಡಿಕೊಂಡು ಒಂದೊಂದು ಬಿಲ್ಲಿನ ಎದುರು ಬ್ಯಾಂಕಿಗೆ ಬಂದದ್ದು, ಟಿಡಿಎಸ್, ತಡೆದಿಟ್ಟ ಜಿಎಸ್‌ಟಿ, ತಕರಾರಿನಲ್ಲಿರುವ ಡೆಬಿಟ್ ನೋಟ್ ಎಂದು ಬೇರೆ ಬೇರೆ ಬರೆದೆ. ಟಿಡಿಎಸ್ ಬಾಕಿಯಲ್ಲ, ಅದನ್ನು ಸರ್ಕಾರದಿಂದ ಬರಬೇಕಾದದ್ದು ಎಂಬ ಖಾತೆಗೆ ಹಾಕಬೇಕು. ತಡೆದಿಟ್ಟದ್ದು ಮಾತ್ರ ಖರೀದಿದಾರರ ಬಾಕಿಯಾಗಿ ಉಳಿಯಬೇಕು.

ತಡವಾದದ್ದಕ್ಕೆ ಬಡ್ಡಿಯನ್ನು ನಾನು ಕೇಳಲಿಲ್ಲ, ಆದರೆ ಪತ್ರದಲ್ಲಿ ಒಂದು ಸಾಲು ಬರೆದೆ. ಉದ್ಯಮ್ ನೋಂದಣಿ ಇರುವ ಕಿರು ಮತ್ತು ಸಣ್ಣ ಘಟಕಗಳಿಗೆ, ಲಿಖಿತ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ ಎಂದು 2006ರ ಎಂಎಸ್‌ಎಂಇಡಿ ಕಾಯ್ದೆ ಹೇಳುತ್ತದೆ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಅಸಲಿಗೆ ಸೇರುವಂಥದ್ದು. ಮೊದಲನೆಯ ಬಿಲ್ಲಿಗೆ ಹಣ ಬಂದದ್ದು 80ನೇ ದಿನ. ಉದ್ಯಮ್ ಸಂಖ್ಯೆಯನ್ನು ಈಗ ಪ್ರತಿ ಬಿಲ್ಲಿನ ಮೇಲೂ ಮುದ್ರಿಸುತ್ತಿದ್ದೇನೆ.

ನವೆಂಬರ್ 14ರಂದು ಎರಡನೆಯ ತ್ರೈಮಾಸಿಕದ ಟಿಡಿಎಸ್ ಪ್ರಮಾಣಪತ್ರವಾದ ಫಾರಂ 16ಎ ಬಂತು, ಅದರಲ್ಲಿ ಮೂರು ಬಿಲ್ಲಿನ 9,450 ರೂಪಾಯಿ ಟಿಡಿಎಸ್ ಪೂರ್ತಿ ಇತ್ತು. ಆದಾಯ ತೆರಿಗೆ ಪೋರ್ಟಲ್‌ನಿಂದ ನನ್ನ ಪ್ಯಾನ್‌ಗೆ ಜಮೆಯಾದ ತೆರಿಗೆಯನ್ನು ತೋರಿಸುವ 26ಎಎಸ್ ಪಟ್ಟಿ ತೆಗೆದು ನೋಡಿದೆ, ಅಲ್ಲಿಯೂ ಇತ್ತು. ಈ ಎರಡನ್ನೂ ನೋಡದೆ ಅಡ್ವೈಸ್‌ನ ಟಿಡಿಎಸ್ ಕಾಲಮ್ಮನ್ನು ಮಾತ್ರ ನಂಬಿ ಕೂರುವುದು ಸರಿಯಲ್ಲ. ಹಿಡಿದವರು ಕಟ್ಟಿ, ರಿಟರ್ನ್‌ನಲ್ಲಿ ನಮ್ಮ ಪ್ಯಾನ್ ಸರಿಯಾಗಿ ಬರೆದಾಗ ಮಾತ್ರ ಅದು ನಮ್ಮ ಹೆಸರಿಗೆ ಬರುತ್ತದೆ. ಕಂಪನಿಯವರು ಅದನ್ನು ಜಿಎಸ್‌ಟಿ ಸೇರಿದ 4,72,500ರ ಮೇಲೆ ತೋರಿಸಿದ್ದಾರೆ, ನನ್ನ ಆದಾಯ 4,50,000. ರಿಟರ್ನ್ ಸಲ್ಲಿಸುವಾಗ ಈ ವ್ಯತ್ಯಾಸಕ್ಕೆ ಉತ್ತರ ಕೊಡಬೇಕಾದರೆ ಇರಲಿ ಎಂದು ಅಡ್ವೈಸ್‌ನ ಪ್ರತಿಯನ್ನು ರಾಯರು ತಮ್ಮ ಕಡತದಲ್ಲೂ ಇಟ್ಟುಕೊಂಡಿದ್ದಾರೆ.

ನವೆಂಬರ್ 20ರಂದು ಎರಡನೆಯ ಅಡ್ವೈಸ್ ಬಂತು, ಈ ಬಾರಿ ಹಣಕ್ಕಿಂತ ಅರ್ಧ ಗಂಟೆ ಮೊದಲೇ, ನನ್ನದೇ ಮೇಲ್‌ಗೆ. ಎರಡು ಸಾಲು: ಬಿಡುಗಡೆಯಾದ ಜಿಎಸ್‌ಟಿ 22,500, ಡೆಬಿಟ್ ನೋಟ್ ವಾಪಸ್ 15,892.50, ಒಟ್ಟು 38,392.50 ರೂಪಾಯಿ. ಸಂಜೆಯೇ ಸೊಸೈಟಿಗೆ ಹೋಗಿ ಬಳೆ ಬಿಡಿಸಿಕೊಂಡು ಬಂದೆ.

ಅಕ್ಟೋಬರ್‌ನಲ್ಲಿ ಕಳುಹಿಸಿದ 2,000 ಪೀಸಿನ ಬಿಲ್ಲನ್ನು ನವೆಂಬರ್ 11ಕ್ಕೇ ಐಎಫ್‌ಎಫ್‌ನಲ್ಲಿ ಹಾಕಿದ್ದೆವು, ಕ್ರೆಡಿಟ್ ನೋಟ್ ಸಹಿತ. ಅದರ ಅಡ್ವೈಸ್ ನಿನ್ನೆ ಬಂದಿದೆ. ಟಿಡಿಎಸ್ ಕಾಲಮ್ಮಿನಲ್ಲಿ 900 ರೂಪಾಯಿ ಇತ್ತು. ಕೂಲಿ 90,000ದಿಂದ ಭಾಗಿಸಿ ನೋಡಿದೆ. ಸರಿಯಾಗಿ ಶೇಕಡಾ 1 ಬಂತು.